ಲಾಸ್ ಇಳಿದು ಎಲ್ಲಿ ನಿಲ್ಲುತ್ತದೆ? ಲರ್ನಿಂಗ್ ರೇಟ್ ಹಾಕುವ ಲೆಕ್ಕ

2021ರ ಕೊನೆಯಲ್ಲಿ ಮೆಟಾ ಕಂಪನಿಯ ತಂಡವೊಂದು 992 ಜಿಪಿಯುಗಳನ್ನು ಇಟ್ಟುಕೊಂಡು ಓಪಿಟಿ-175ಬಿ ಎಂಬ ಭಾಷಾ ಮಾಡೆಲ್ಲಿಗೆ ತರಬೇತಿ ಕೊಡಲು ಶುರು ಮಾಡಿತು. ಸುಮಾರು ಎರಡು ತಿಂಗಳ ಕೆಲಸ. 2022ರಲ್ಲಿ ಅವರು ಮಾಡೆಲ್ ಜೊತೆಗೆ ತಮ್ಮ ಲಾಗ್‌ಬುಕ್ಕನ್ನೂ ಎಲ್ಲರೂ ಓದಲೆಂದು ಹೊರಗೆ ಬಿಟ್ಟರು. ಇಂಥ ದಾಖಲೆ ಹೊರಗೆ ಬರುವುದು ಅಪರೂಪ. ಯಂತ್ರಗಳು ಕೈಕೊಟ್ಟ ಕಥೆ ಅದರಲ್ಲಿ ಬೇಕಾದಷ್ಟಿದೆ. ಅದರ ಜೊತೆಗೆ ಇನ್ನೊಂದು ತಾಪತ್ರಯವೂ ಇತ್ತು. ಮಾಡೆಲ್ ಎಷ್ಟು ತಪ್ಪುತ್ತಿದೆ ಎಂಬುದರ ಅಳತೆಯಾದ ಲಾಸ್ ಚೆನ್ನಾಗಿ ಇಳಿಯುತ್ತಾ ಇರುತ್ತದೆ, ಇದ್ದಕ್ಕಿದ್ದಂತೆ ಮೇಲಕ್ಕೆ ಹಾರುತ್ತದೆ. ಆಗ ಕೆಲಸ ನಿಲ್ಲಿಸಿ, ಹಿಂದೆ ಉಳಿಸಿಟ್ಟ ಚೆಕ್‌ಪಾಯಿಂಟಿಗೆ ವಾಪಸ್ ಹೋಗಿ, ಒಂದೇ ಒಂದು ಸಂಖ್ಯೆಯನ್ನು ಇಳಿಸಿ ಮತ್ತೆ ಓಡಿಸುವುದು. ಆ ಸಂಖ್ಯೆಯೇ ಲರ್ನಿಂಗ್ ರೇಟ್. ಅವರ ವರದಿಯಲ್ಲಿ ಅದರ ಗ್ರಾಫ್ ನೋಡಿದರೆ ನುಣುಪಾದ ಗೆರೆ ಇಲ್ಲ, ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಹಾಗಿದೆ.

17,500 ಕೋಟಿ ಸಂಖ್ಯೆಗಳಿರುವ ಮಾಡೆಲ್ಲನ್ನು ಒಂದು ಸಂಖ್ಯೆ ಹೀಗೆ ಆಡಿಸುವುದು ಹೇಗೆ? ಕೈಯಲ್ಲೇ ಲೆಕ್ಕ ಹಾಕಬಹುದಾದಷ್ಟು ಸಣ್ಣ ಉದಾಹರಣೆಯಿಂದ ಶುರು ಮಾಡಿದರೆ ಉತ್ತರದ ಮುಕ್ಕಾಲು ಪಾಲು ಸಿಗುತ್ತದೆ.

ನಾಲ್ಕು ಮನೆಗಳಿವೆ ಎಂದುಕೊಳ್ಳಿ. ವಿಸ್ತೀರ್ಣ 600, 800, 1000, 1200 ಚದರಡಿ. ಬಾಡಿಗೆ 11, 14, 17, 20 ಸಾವಿರ. ವಿಸ್ತೀರ್ಣವನ್ನು ನೂರು ಚದರಡಿಯ ಲೆಕ್ಕದಲ್ಲಿ x ಎಂದು ಬರೆಯೋಣ, ಅಂದರೆ 6, 8, 10, 12. ಬಾಡಿಗೆ = w × x + b ಎಂಬ ಸೂತ್ರ ಹುಡುಕಬೇಕು. ಕಣ್ಣಿಗೇ ಕಾಣುವ ಉತ್ತರ w = 1.5, b = 2. ಯಂತ್ರಕ್ಕೆ ಮಾತ್ರ ಇದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಲಾಸ್ ಅಷ್ಟೇ. ಪ್ರತಿ ಮನೆಗೂ ಊಹೆ ಎಷ್ಟು ತಪ್ಪಿದೆ ನೋಡಿ, ಆ ತಪ್ಪಿನ ವರ್ಗ ತೆಗೆದು, ನಾಲ್ಕರ ಸರಾಸರಿ ಹಾಕಿದರೆ ಬರುವ ಸಂಖ್ಯೆ ಅದು.

ಮೊದಲು b = 2 ಎಂದು ನಾವೇ ಹೇಳಿಕೊಟ್ಟು, w ಒಂದನ್ನೇ ಹುಡುಕಲು ಬಿಡೋಣ. ಆಗ ಲಾಸ್ ಸರಳವಾಗಿ 86 × (w − 1.5)² ಆಗುತ್ತದೆ. 86 ಎಂದರೆ 6, 8, 10, 12ರ ವರ್ಗಗಳ ಸರಾಸರಿ. ಗ್ರಾಫ್ ಬರೆದರೆ ಬಟ್ಟಲಿನ ಆಕಾರ, ತಳ 1.5ರಲ್ಲಿ. ಯಾವುದೇ ಜಾಗದಲ್ಲಿ ಇದರ ಇಳಿಜಾರು 172 × (w − 1.5). ಗ್ರೇಡಿಯೆಂಟ್ ಡಿಸೆಂಟ್ ಮಾಡುವುದು ಇಷ್ಟೇ: ಈಗಿನ ಜಾಗದ ಇಳಿಜಾರನ್ನು ಲರ್ನಿಂಗ್ ರೇಟಿನಿಂದ ಗುಣಿಸಿ w ಇಂದ ಕಳೆಯುವುದು, ಹೊಸ ಜಾಗದಲ್ಲಿ ಮತ್ತೆ ಅದನ್ನೇ ಮಾಡುವುದು.

w ← w − η × ಇಳಿಜಾರು

η ಎಂದರೆ ಲರ್ನಿಂಗ್ ರೇಟ್. ಈ ಉಪಾಯ ಹಳೆಯದು. 1847ರಲ್ಲಿ ಫ್ರಾನ್ಸಿನ ಗಣಿತಜ್ಞ ಕೌಶಿ ಆಕಾಶಕಾಯಗಳ ಕಕ್ಷೆಯ ಲೆಕ್ಕ ಸುಲಭ ಮಾಡಿಕೊಳ್ಳಲು ಇದನ್ನು ಮುಂದಿಟ್ಟಿದ್ದ.

ಇದನ್ನು ವಿವರಿಸಲು ಎಲ್ಲರೂ ಹೇಳುವುದು ಮಂಜು ಕವಿದ ಬೆಟ್ಟದಲ್ಲಿ ಕಾಲಿನಡಿಯ ಇಳಿಜಾರು ನೋಡಿಕೊಂಡು ಇಳಿಯುವವನ ಹೋಲಿಕೆ. ತಪ್ಪೇನಿಲ್ಲ, ಆದರೆ ಮುಖ್ಯವಾದ ಒಂದು ವಿಷಯವನ್ನು ಅದು ಮುಚ್ಚಿಡುತ್ತದೆ. ಬೆಟ್ಟ ಇಳಿಯುವವನು ಕಡಿದಾದ ಜಾಗದಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತಾನೆ. ಗ್ರೇಡಿಯೆಂಟ್ ಡಿಸೆಂಟ್ ತದ್ವಿರುದ್ಧ. ಇಳಿಜಾರು ಜಾಸ್ತಿ ಇದ್ದಷ್ಟೂ ಹೆಜ್ಜೆ ದೊಡ್ಡದು, ಏಕೆಂದರೆ ಹೆಜ್ಜೆಯ ಉದ್ದ η ಅಲ್ಲ, η × ಇಳಿಜಾರು. ಮುಂದೆ ಬರುವ ಎಲ್ಲಾ ತೊಂದರೆಯೂ ಇಲ್ಲಿಂದಲೇ ಹುಟ್ಟುತ್ತದೆ.

ನಮ್ಮ ಬಟ್ಟಲಿಗೆ ಬರೋಣ. ಗುರಿಯಿಂದ ಎಷ್ಟು ದೂರ ಇದ್ದೇವೆ ಎಂಬುದು ಪ್ರತಿ ಹೆಜ್ಜೆಗೂ (1 − 172η) ಇಂದ ಗುಣಿಸಿಕೊಳ್ಳುತ್ತದೆ. ಇಳಿಜಾರಿನ ಸೂತ್ರ ಮತ್ತು w ಬದಲಾಗುವ ಸೂತ್ರ ಎರಡನ್ನೂ ಸೇರಿಸಿದರೆ ಸಿಗುವುದು ಇದೇ. ಈಗ w = 0 ಇಂದ ಹೊರಟು ಬೇರೆ ಬೇರೆ η ಹಾಕಿ ನೋಡಿ.

η = 0.005 ಆದರೆ ಗುಣಕ 0.14. w ಹೀಗೆ ಹೋಗುತ್ತದೆ: 0, 1.29, 1.4706, 1.4959. ಮೂರೇ ಹೆಜ್ಜೆಗೆ ಕೆಲಸ ಮುಗಿದಂತೆ.

η = 0.0001 ಆದರೆ ಗುಣಕ 0.9828. ನೂರು ಹೆಜ್ಜೆ ಹಾಕಿದರೂ ಗುರಿಯ ದೂರದಲ್ಲಿ ಆರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಬಾಕಿ.

η = 0.01 ಆದರೆ ಗುಣಕ −0.72. ಋಣ ಚಿಹ್ನೆ ಬಂತು, ಅಂದರೆ ಪ್ರತಿ ಹೆಜ್ಜೆಯೂ ತಳವನ್ನು ದಾಟಿ ಆಚೆ ಗೋಡೆಗೆ ಹೋಗುತ್ತದೆ. 0, 2.58, 0.72, 2.06 ಹೀಗೆ ಆಚೆ ಈಚೆ ಆಡುತ್ತಾ, ಆದರೂ ಒಳಗೊಳಗೆ ಬರುತ್ತಾ, ಕೊನೆಗೆ ತಳ ಸೇರುತ್ತದೆ.

η = 0.02 ಆದರೆ ಗುಣಕ −2.44. 0, 5.16, −7.43, 23.29. ಪ್ರತಿ ಸಲ ಹಿಂದಿಗಿಂತ ದೂರ. ಲಾಸ್ ಒಂದೊಂದು ಹೆಜ್ಜೆಗೂ ಹೆಚ್ಚುಕಡಿಮೆ ಆರು ಪಟ್ಟಾಗುತ್ತದೆ. 32 ಬಿಟ್ಟಿನ ಸಂಖ್ಯೆಗಳಲ್ಲಿ ಓಡಿಸಿದರೆ ನಲವತ್ತೇಳು ಹೆಜ್ಜೆಯ ಆಸುಪಾಸಿನಲ್ಲಿ ಪರದೆಯ ಮೇಲೆ ಲಾಸ್ ಅನಂತ ಎಂದು ಸೂಚಿಸುವ `inf` ಆಗುತ್ತದೆ, ಮುಂದೆ ಸಂಖ್ಯೆಯೇ ಅಲ್ಲ ಎನ್ನುವ `nan`. ಈ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ನೋಡಿಯೇ ಇರುವ ಪದ.

ಸರಿ ಮತ್ತು ಕೆಟ್ಟದ್ದರ ನಡುವಿನ ಗಡಿ ಎಲ್ಲಿದೆ? ಗುಣಕ −1 ಆದಾಗ. ಅಂದರೆ η = 2/172, ಸುಮಾರು 0.0116. ಈ 172 ಎಂಬುದು ಬಟ್ಟಲಿನ ಬಾಗು, ಅಂದರೆ ಇಳಿಜಾರು ಎಷ್ಟು ಬೇಗ ಬದಲಾಗುತ್ತದೆ ಎಂಬ ಅಳತೆ. ಹಾಗಾಗಿ ನಿಯಮ ಹೀಗಿದೆ: ಬಾಗು 2/η ಗಿಂತ ಕಡಿಮೆ ಇದ್ದರೆ ಇಳಿಯುತ್ತೀರಿ, ಜಾಸ್ತಿ ಇದ್ದರೆ ಸಿಡಿಯುತ್ತೀರಿ. ಈ 2/η ಅನ್ನು ನೆನಪಿಟ್ಟುಕೊಳ್ಳಿ, ಕೊನೆವರೆಗೂ ಬೇಕಾಗುತ್ತದೆ.

ಇನ್ನೊಂದು ಗಮನಿಸಿ. ಗಡಿಯಲ್ಲಿ ಬಾಡಿಗೆಯ ಸುಳಿವೇ ಇಲ್ಲ, ಬರೀ x ಇದೆ. ಯಾರೋ ವಿಸ್ತೀರ್ಣವನ್ನು 6, 8 ಎಂದು ಕೊಡುವ ಬದಲು 600, 800 ಎಂದು ಕೊಟ್ಟರು ಅನ್ನಿ. ಮನೆಗಳು ಅವೇ, ಬಾಡಿಗೆ ಅದೇ. ಬಾಗು ಮಾತ್ರ ಹತ್ತು ಸಾವಿರ ಪಟ್ಟು ಏರುತ್ತದೆ, ಗಡಿ 0.0116 ಇಂದ 0.00000116ಕ್ಕೆ ಕುಸಿಯುತ್ತದೆ. ಪಾಠದಲ್ಲಿ ನೋಡಿದ 0.01 ಹಾಕಿದವರಿಗೆ ಒಂದೇ ಹೆಜ್ಜೆಯಲ್ಲಿ ಗುರಿಯ ದೂರ ಹದಿನೇಳು ಸಾವಿರ ಪಟ್ಟಾಗುತ್ತದೆ. "0.01 ಒಳ್ಳೆಯ ಲರ್ನಿಂಗ್ ರೇಟಾ?" ಎಂದು ಯಾರಾದರೂ ಕೇಳಿದರೆ, ಯಾವ ಬಾಗಿಗೆ ಎಂದು ತಿರುಗಿ ಕೇಳದೆ ಉತ್ತರ ಹೇಳಲು ಆಗುವುದಿಲ್ಲ.

ಈಗ b ಯನ್ನೂ ಹುಡುಕಲು ಬಿಡೋಣ. ಇಲ್ಲಿ ಆಟ ಬದಲಾಗುತ್ತದೆ. ಬಟ್ಟಲು ಈಗ ಉದ್ದನೆಯ ದೋಣಿಯ ಹಾಗೆ. ಅಡ್ಡಕ್ಕೆ ನೋಡಿದರೆ ಗೋಡೆ ಕಡಿದು, ಬಾಗು ಸುಮಾರು 174. ಉದ್ದಕ್ಕೆ ನೋಡಿದರೆ ಬಹುತೇಕ ಸಮತಟ್ಟು, ಬಾಗು ಬರೀ 0.115. ಒಂದಕ್ಕೊಂದು ಸಾವಿರದ ಐನೂರು ಪಟ್ಟು ವ್ಯತ್ಯಾಸ. ಲರ್ನಿಂಗ್ ರೇಟ್ ಮಾತ್ರ ಎರಡಕ್ಕೂ ಒಂದೇ. ಕಡಿದಾದ ದಿಕ್ಕು ಗಡಿ ಹಾಕುತ್ತದೆ, ಸಮತಟ್ಟಾದ ದಿಕ್ಕು ಆ ಗಡಿಯೊಳಗೆ ತೆವಳಬೇಕು.

η = 0.01 ಹಾಕಿ, w ಮತ್ತು b ಎರಡನ್ನೂ ಸೊನ್ನೆಯಿಂದ ಶುರು ಮಾಡಿದರೆ ಲಾಸ್ 251.5ರಲ್ಲಿ ಹೊರಡುತ್ತದೆ. ಇಪ್ಪತ್ತು ಹೆಜ್ಜೆಯಲ್ಲಿ 0.2ರ ಕೆಳಗೆ ಬರುತ್ತದೆ. ಗ್ರಾಫ್ ನೋಡಿದವರು ಮುಗಿಯಿತು ಎಂದು ಎದ್ದು ಹೋಗಬಹುದು. ಆದರೆ ಒಳಗೆ ನೋಡಿ. w ಸುಮಾರು 1.68, b ಸುಮಾರು 0.2. ನಿಜವಾದ b ಎರಡು! ಈ ಮಾಡೆಲ್ 600 ಚದರಡಿಯ ಮನೆಗೆ ಆರುನೂರು ರೂಪಾಯಿಗಿಂತ ಜಾಸ್ತಿ ಕಡಿಮೆ ಹೇಳುತ್ತದೆ, 1200 ಚದರಡಿಯ ಮನೆಗೆ ನಾನೂರಕ್ಕಿಂತ ಜಾಸ್ತಿ ಏರಿಸುತ್ತದೆ. ಇಲ್ಲಿಂದ ಮುಂದೆ ಉಳಿದ ದೂರ ಅರ್ಧಕ್ಕೆ ಇಳಿಯಲು ಆರುನೂರು ಹೆಜ್ಜೆ ಬೇಕು. ಮತ್ತೆ ಅರ್ಧವಾಗಲು ಇನ್ನೂ ಆರುನೂರು. η ಏರಿಸಿ ಬೇಗ ಮುಗಿಸೋಣ ಎಂದರೆ 0.0115ರ ಆಚೆ ಕಡಿದಾದ ದಿಕ್ಕು ಸಿಡಿಯುತ್ತದೆ.

ಲರ್ನಿಂಗ್ ರೇಟನ್ನೇ ತಿರುಗಿಸುತ್ತಾ ಕೂತರೆ ಇದಕ್ಕೆ ಪರಿಹಾರ ಇಲ್ಲ. ಬಟ್ಟಲಿನ ಆಕಾರ ಸರಿ ಮಾಡಬೇಕು. x ಇಂದ ಸರಾಸರಿ 9 ಕಳೆದು, ಅದರ ಹರವು 2.236 ಇಂದ ಭಾಗಿಸಿ ನೋಡಿ. ದೋಣಿ ಮಾಯ, ಎರಡೂ ದಿಕ್ಕಿನ ಬಾಗು ಸರಿಯಾಗಿ 2. η = 0.5 ಹಾಕಿದರೆ ಗುಣಕ ಸೊನ್ನೆ, ಒಂದೇ ಹೆಜ್ಜೆಯಲ್ಲಿ ತಳ. ಸಾವಿರಾರು ಹೆಜ್ಜೆಯ ಕೆಲಸ ಒಂದಕ್ಕೆ ಬಂತು. ಡೇಟಾವನ್ನು ಸ್ಕೇಲ್ ಮಾಡಿ ಎಂದು ಪಾಠಗಳಲ್ಲಿ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗುತ್ತಾರಲ್ಲ, ಅದರ ಹಿಂದಿನ ಕಾರಣ ಇದು. ಪದರ ಪದರವಾಗಿ ಲೆಕ್ಕ ಹಾಕುವ ನರಜಾಲಗಳ ಒಳಗೆ ಬರುವ ನಾರ್ಮಲೈಸೇಶನ್ ಪದರಗಳು ಮತ್ತು ಆಡಮ್ ಎಂಬ ಜನಪ್ರಿಯ ವಿಧಾನ ಹಿಡಿದಿರುವುದೂ ಹತ್ತಿರ ಹತ್ತಿರ ಇದೇ ದಾರಿ. ಆಡಮ್ ಪ್ರತಿ ಸಂಖ್ಯೆಗೂ ಅದರದರ ಇತ್ತೀಚಿನ ಇಳಿಜಾರಿನ ಗಾತ್ರ ನೋಡಿ ಹೆಜ್ಜೆ ಹೊಂದಿಸುತ್ತದೆ. ಹಾಗೆಂದು ಲರ್ನಿಂಗ್ ರೇಟಿನ ಚಿಂತೆ ತಪ್ಪಲಿಲ್ಲ. ಅದರ ಮಾಮೂಲಿ ಮೌಲ್ಯ 0.001 ಎಷ್ಟೋ ಕಡೆ ಜಾಸ್ತಿಯಾಗುತ್ತದೆ.

ಇಷ್ಟು ಹೊತ್ತು ನೋಡಿದ ಬಟ್ಟಲಿಗೆ ಒಂದೇ ತಳ. ಲರ್ನಿಂಗ್ ರೇಟ್ ಅಲ್ಲಿಗೆ ಎಷ್ಟು ಬೇಗ ಹೋಗುತ್ತೇವೆ, ಹೋಗುತ್ತೇವೋ ಇಲ್ಲವೋ ಎಂದು ಮಾತ್ರ ಹೇಳುತ್ತಿತ್ತು. ನರಜಾಲಗಳಲ್ಲಿ ತಳ ಒಂದಲ್ಲ, ಬಾಗು ಕೂಡ ಎಲ್ಲಾ ಕಡೆ ಒಂದೇ ಅಲ್ಲ. ಅಲ್ಲಿ ಲರ್ನಿಂಗ್ ರೇಟ್ ಇನ್ನೊಂದು ಕೆಲಸ ಮಾಡುತ್ತದೆ. ಯಾವ ತಳದಲ್ಲಿ ನಿಲ್ಲಬೇಕು ಎಂದು ಆರಿಸುತ್ತದೆ. ಇದನ್ನು ನೋಡಲು ದೊಡ್ಡ ಜಾಲ ಬೇಕಾಗಿಲ್ಲ. ಎರಡು ಸಂಖ್ಯೆ ಸಾಕು.

u ಮತ್ತು v ಎಂಬ ಎರಡು ಸಂಖ್ಯೆಗಳ ಗುಣಲಬ್ಧ 1 ಆಗಬೇಕು. ಲಾಸ್ = (uv − 1)². ಪದರದ ಮೇಲೆ ಪದರ ಇಟ್ಟ ಜಾಲದ ಅತಿ ಪುಟ್ಟ ರೂಪ ಎನ್ನಬಹುದು. ಸೊನ್ನೆ ಲಾಸ್ ಇರುವ ಜಾಗಗಳು ಲೆಕ್ಕವಿಲ್ಲದಷ್ಟಿವೆ: (1, 1), (2, 0.5), (4, 0.25), ಹೀಗೆ. ಆದರೆ ಅವುಗಳ ಬಾಗು ಬೇರೆ ಬೇರೆ. ತಳದಲ್ಲಿ ನಿಂತಾಗ ಬಾಗು 2(u² + v²). (1, 1)ರಲ್ಲಿ ಅದು 4. (4, 0.25)ರಲ್ಲಿ 32ಕ್ಕಿಂತ ಸ್ವಲ್ಪ ಜಾಸ್ತಿ. ಈಗ (4, 0.3) ಇಂದ ಹೊರಡೋಣ, ಅಂದರೆ ಕಡಿದಾದ ತಳದ ಪಕ್ಕದಲ್ಲೇ. ಅಲ್ಲಿ ಲಾಸ್ ಬರೀ 0.04.

```python
u, v = 4.0, 0.3
lr = 0.1
for i in range(30):
    r = u * v - 1
    print(i, r * r, u, v)
    u, v = u - lr * 2 * r * v, v - lr * 2 * r * u
```

ಮೊದಲು `lr` ಅನ್ನು 0.01 ಮಾಡಿ ಓಡಿಸಿ. 2/η = 200, ಬಾಗು 32. ಯಾವ ಗಲಾಟೆಯೂ ಇಲ್ಲ. ಪಕ್ಕದ ತಳಕ್ಕೆ ಜಾರಿ ಸುಮಾರು (4, 0.25)ರಲ್ಲಿ ನಿಲ್ಲುತ್ತದೆ.

ಈಗ 0.1. 2/η = 20. ಪಕ್ಕದ ತಳದ ಬಾಗು 32, ಗಡಿಯ ಆಚೆಗಿದೆ. ಆ ತಳ ಎಷ್ಟೇ ಹತ್ತಿರ ಇದ್ದರೂ ಈ ಲರ್ನಿಂಗ್ ರೇಟಿಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಲಾಸ್ ಹೀಗೆ ಬರುತ್ತದೆ: 0.04, 0.195, 0.94, 4.4, 17.3, 32.9. ಕೈಬಿಟ್ಟಿತು ಎನಿಸುತ್ತದೆ, ಅಲ್ವಾ? ಮುಂದಿನ ಹೆಜ್ಜೆಗೆ ಲಾಸ್ 0.054. ಅದರ ಮುಂದೆ 0.02. ಆಮೇಲೆ ತೆಪ್ಪಗೆ ಸೊನ್ನೆಗೆ ಇಳಿಯುತ್ತದೆ. ನಿಂತ ಜಾಗ ಸುಮಾರು (0.75, 1.33). ಅಲ್ಲಿನ ಬಾಗು ಐದಕ್ಕಿಂತ ಕಡಿಮೆ.

ಏನಾಯಿತು ಎಂದರೆ, v ಆಚೆ ಈಚೆ ಜೋರಾಗಿ ಆಡತೊಡಗಿದಾಗ ಆ ಆಟವೇ u ಅನ್ನು ಕೆಳಕ್ಕೆ ಎಳೆಯಿತು. u ನಾಲ್ಕರಿಂದ 3.9, 3.79, 2.65, ಕೊನೆಗೆ 0.61. u ಇಳಿದಂತೆ ಬಾಗು ಇಳಿಯಿತು. ಬಾಗು 20ರ ಕೆಳಗೆ ಬಂದ ಮೇಲೆ ಲಾಸ್ ತಾನಾಗಿಯೇ ಇಳಿಯಲು ಶುರುವಾಯಿತು. ಸಿಡಿತವೇ ಮಾಡೆಲ್ಲನ್ನು ಎತ್ತಿ ಚಪ್ಪಟೆಯಾದ ಕಡೆಗೆ ಎಸೆಯಿತು. ಗೂಗಲ್‌ನ ಸಂಶೋಧಕರು 2020ರಲ್ಲಿ ಇದನ್ನು ಕ್ಯಾಟಪಲ್ಟ್ ಎಂದು ಕರೆದು ದೊಡ್ಡ ಜಾಲಗಳಲ್ಲೂ ತೋರಿಸಿದರು. ಇದಕ್ಕೂ ಮಿತಿ ಇದೆ. ಅದೇ ಜಾಗದಿಂದ 0.2 ಹಾಕಿ ಹೊರಟರೆ ಐದನೇ ಹೆಜ್ಜೆಗೆ ಲಾಸ್ ಎರಡು ಕೋಟಿ ದಾಟುತ್ತದೆ, ಮತ್ತೆ ಇಳಿಯುವುದಿಲ್ಲ.

ಅಂದರೆ ಹೊರಟ ಜಾಗ ಒಂದೇ, ಡೇಟಾ ಒಂದೇ, ಲಾಸ್ ಸೂತ್ರ ಒಂದೇ. 0.01ಕ್ಕೆ ಒಂದು ಉತ್ತರ, 0.1ಕ್ಕೆ ಇನ್ನೊಂದು, 0.2ಕ್ಕೆ ಉತ್ತರವೇ ಇಲ್ಲ.

ನಿಜವಾದ ನರಜಾಲಗಳಲ್ಲಿ ಇದು ಇನ್ನೂ ವಿಚಿತ್ರ. 2021ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೆರೆಮಿ ಕೋಹೆನ್ ಮತ್ತು ಜೊತೆಗಾರರು ಪೂರ್ತಿ ಡೇಟಾ ಇಟ್ಟುಕೊಂಡು, ಲರ್ನಿಂಗ್ ರೇಟ್ ಬದಲಿಸದೆ ಜಾಲಗಳನ್ನು ತರಬೇತಿಗೆ ಬಿಟ್ಟು, ದಾರಿಯುದ್ದಕ್ಕೂ ಅತಿ ಕಡಿದಾದ ದಿಕ್ಕಿನ ಬಾಗು ಅಳೆದರು. ಪಠ್ಯಪುಸ್ತಕದ ಪ್ರಕಾರ ಬಾಗು 2/η ಗಿಂತ ಕೆಳಗೆ ಇರಬೇಕು, ಹಾಗಿರುವಂತೆ η ಆರಿಸಬೇಕು. ಅವರು ನೋಡಿದ್ದೇ ಬೇರೆ. ಗಡಿಯ ಕೆಳಗೆ ಶುರುವಾದ ಬಾಗು ತರಬೇತಿ ಮುಂದುವರಿದಂತೆ ತಾನಾಗಿಯೇ ಏರುತ್ತಾ ಹೋಯಿತು. 2/η ಮುಟ್ಟುವವರೆಗೂ ಏರಿತು. ಮುಟ್ಟಿದ ಮೇಲೆ ಸಿಡಿಯಬೇಕಿತ್ತು, ಸಿಡಿಯಲಿಲ್ಲ. ಗಡಿಯ ಸ್ವಲ್ಪ ಮೇಲೆಯೇ ತೂಗಾಡುತ್ತಾ ನಿಂತಿತು. ಲಾಸ್ ಒಂದು ಹೆಜ್ಜೆ ಏರುವುದು, ಇನ್ನೊಂದು ಹೆಜ್ಜೆ ಇಳಿಯುವುದು, ದೂರದಿಂದ ನೋಡಿದರೆ ಒಟ್ಟಾರೆ ಇಳಿಯುತ್ತಲೇ ಇರುವುದು. ಎಡ್ಜ್ ಆಫ್ ಸ್ಟೆಬಿಲಿಟಿ ಎಂದು ಹೆಸರಿಟ್ಟರು.

ನಮ್ಮ u, v ಆಟದಲ್ಲಿ ಕಂಡ ಎಳೆತವೇ ಇಲ್ಲೂ ಕಾರಣ. ಗಡಿ ದಾಟಿದ ಕೂಡಲೇ ಆ ದಿಕ್ಕಿನಲ್ಲಿ ಆಡುವುದು ಶುರುವಾಗುತ್ತದೆ. ಆಟ ಜೋರಾದರೆ ಅದು ಮಾಡೆಲ್ಲನ್ನು ಬಾಗು ಕಡಿಮೆ ಇರುವ ಕಡೆಗೆ ತಳ್ಳುತ್ತದೆ. ಬಾಗು ಇಳಿದರೆ ಆಟ ನಿಲ್ಲುತ್ತದೆ, ಬಾಗು ಮತ್ತೆ ಏರುತ್ತದೆ. ಹೀಗೇ ಸುತ್ತು. η ಅರ್ಧ ಮಾಡಿದರೆ ಗಡಿ ಎರಡರಷ್ಟಾಗುತ್ತದೆ, ಬಾಗೂ ಅಲ್ಲಿಯವರೆಗೆ ಏರಿ ಕೂರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಎನಿಸುವ ಸಂಗತಿ ಇದು. ಬಾಗು ನೋಡಿ ಲರ್ನಿಂಗ್ ರೇಟ್ ಆರಿಸುತ್ತೇವೆ ಎಂದುಕೊಂಡಿದ್ದೆವು. ಬಹಳಷ್ಟು ಸಲ ಲರ್ನಿಂಗ್ ರೇಟ್ ಹೇಳಿದಷ್ಟಕ್ಕೆ ಬಾಗೇ ಹೊಂದಿಕೊಳ್ಳುತ್ತದೆ.

ಚಪ್ಪಟೆ ತಳದಲ್ಲಿ ನಿಂತ ಮಾಡೆಲ್ ಹೊಸ ಡೇಟಾದ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದ್ದರಿಂದ ದೊಡ್ಡ ಲರ್ನಿಂಗ್ ರೇಟ್ ಒಳ್ಳೆಯದು ಎಂಬ ಮಾತು ತುಂಬಾ ಕೇಳಿಬರುತ್ತದೆ. ಎಷ್ಟೋ ಪ್ರಯೋಗಗಳು ಆ ಕಡೆ ಬೊಟ್ಟು ಮಾಡುತ್ತವೆ, ನಿಜ. ಆದರೆ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. (4, 0.25) ಮತ್ತು (0.75, 1.33) ಎರಡರಲ್ಲೂ uv ಒಂದೇ. ಅಂದರೆ ಎರಡೂ ಕೊಡುವ ಉತ್ತರ ಎಲ್ಲಾ ಕಡೆ ಒಂದೇ, ಬಾಗು ಮಾತ್ರ ಆರೇಳು ಪಟ್ಟು ಬೇರೆ. ಇಲ್ಲಿ ಚಪ್ಪಟೆ ಆದದ್ದರಿಂದ ಬಳಸುವವನಿಗೆ ಬಿಡಿಗಾಸಿನ ಲಾಭವಿಲ್ಲ. 2017ರಲ್ಲಿ ಲೊರಾಂ ಡಿನ್ ಮತ್ತು ಜೊತೆಗಾರರು ದೊಡ್ಡ ಜಾಲಗಳ ಬಗ್ಗೆ ಎತ್ತಿದ ತಕರಾರೂ ಇದೇ ಜಾಡಿನದು.

ಇನ್ನು ವಾರ್ಮಪ್, ಅಂದರೆ ಶುರುವಿನಲ್ಲಿ η ಕಡಿಮೆ ಇಟ್ಟು ಆಮೇಲೆ ಏರಿಸುವುದು. ಇದು ಮೊದಮೊದಲು ಬರೀ ಕೈಚಳಕವಾಗಿತ್ತು. 2015ರ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ರೆಸ್‌ನೆಟ್ ಎಂಬ ನರಜಾಲದ ವಿನ್ಯಾಸ ಪ್ರಕಟಿಸಿದಾಗ 110 ಪದರದ ಜಾಲವೊಂದಕ್ಕೆ 0.1 ಎಂಬ ಲರ್ನಿಂಗ್ ರೇಟ್ ಶುರುವಿಗೆ ಸ್ವಲ್ಪ ಜಾಸ್ತಿಯಾಯಿತು. ಅವರು ಸುಮಾರು 400 ಹೆಜ್ಜೆ 0.01ರಲ್ಲಿ ಓಡಿಸಿ, ತಪ್ಪು ಶೇ. 80ಕ್ಕಿಂತ ಕೆಳಗೆ ಬಂದ ಮೇಲೆ ಮತ್ತೆ 0.1ಕ್ಕೆ ಏರಿಸಿದರು. 2/η ಕಣ್ಣಿನಿಂದ ನೋಡಿದರೆ ಇದು ಅರ್ಥವಾಗುತ್ತದೆ. ಹೊಚ್ಚ ಹೊಸ ಜಾಲ ಹಲವು ಸಲ ಬಾಗು ಜಾಸ್ತಿ ಇರುವ ಜಾಗದಲ್ಲಿ ಹುಟ್ಟುತ್ತದೆ. ಮೊದಲ ದಿನವೇ ದೊಡ್ಡ η ಹಾಕಿದರೆ ಕ್ಯಾಟಪಲ್ಟ್ ಮಿತಿಯನ್ನೂ ಮೀರಬಹುದು. η ನಿಧಾನವಾಗಿ ಏರಿಸಿದರೆ ಗಡಿ ನಿಧಾನವಾಗಿ ಕೆಳಗಿಳಿಯುತ್ತದೆ, ಬಾಗನ್ನೂ ಮೆಲ್ಲಗೆ ಒತ್ತಿಕೊಂಡು ಇಳಿಯುತ್ತದೆ. 2017ರಲ್ಲಿ ಫೇಸ್‌ಬುಕ್ ತಂಡ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹದ ಮೇಲಿನ ತರಬೇತಿಯನ್ನು 256 ಜಿಪಿಯುಗಳಲ್ಲಿ ಒಂದು ಗಂಟೆಗೆ ಇಳಿಸಿದ್ದು ಈ ಉಪಾಯದ ಮೇಲೆಯೇ. ಒಂದು ಸಲಕ್ಕೆ 256ರ ಬದಲು 8192 ಚಿತ್ರ ತೋರಿಸಿದರು, ಲರ್ನಿಂಗ್ ರೇಟನ್ನೂ ಅಷ್ಟೇ ಪಟ್ಟು ಏರಿಸಿ 0.1 ಇಂದ 3.2 ಮಾಡಿದರು, ಆದರೆ ಮೊದಲ ಐದು ಸುತ್ತಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಲ್ಲಿಗೆ ಹತ್ತಿಸಿದರು.

ಚಿತ್ರಗಳನ್ನು ಸ್ವಲ್ಪ ಸ್ವಲ್ಪವೇ ತೋರಿಸುವುದರಲ್ಲಿ ಇನ್ನೊಂದು ತೊಡಕಿದೆ. ಪೂರ್ತಿ ಡೇಟಾ ನೋಡದೆ ಒಂದು ಹಿಡಿ ನೋಡಿ ಇಳಿಜಾರು ಲೆಕ್ಕ ಹಾಕಿದರೆ ಅದು ಸ್ವಲ್ಪ ತಪ್ಪಿಯೇ ಇರುತ್ತದೆ. ತಳದಲ್ಲಿ ನಿಂತರೂ ಇಳಿಜಾರು ಸೊನ್ನೆ ಕಾಣುವುದಿಲ್ಲ, ಹೆಜ್ಜೆ ಅಲುಗಾಡುತ್ತಲೇ ಇರುತ್ತದೆ. η ದೊಡ್ಡದಿದ್ದಷ್ಟೂ ಅಲುಗಾಟ ದೊಡ್ಡದು. ಹಾಗಾಗಿ η ಬದಲಿಸದೆ ಇಟ್ಟರೆ ಲಾಸ್ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. 1951ರಲ್ಲೇ ರಾಬಿನ್ಸ್ ಮತ್ತು ಮನ್ರೋ ಇದಕ್ಕೆ ಷರತ್ತು ಬರೆದಿದ್ದರು: ಹೆಜ್ಜೆಗಳು ಕಿರಿದಾಗುತ್ತಾ ಹೋಗಬೇಕು, ಆದರೆ ಗುರಿ ಮುಟ್ಟುವ ಮೊದಲೇ ಸತ್ತುಹೋಗುವಷ್ಟು ಬೇಗ ಅಲ್ಲ. ರೆಸ್‌ನೆಟ್‌ನ ಗ್ರಾಫಿನಲ್ಲಿ η ಹತ್ತನೇ ಒಂದು ಪಾಲಿಗೆ ಇಳಿದ ಕ್ಷಣ ತಪ್ಪು ದಡಕ್ಕನೆ ಕುಸಿಯುವುದು ಕಾಣುತ್ತದೆ.

ಈ ಕುಸಿತ ನೋಡಿ ಮೋಸ ಹೋಗುವವರು ಬಹಳ. ಎರಡು ಓಟ ಪಕ್ಕಪಕ್ಕ ಇಟ್ಟು, ಒಂದರಲ್ಲಿ η ಬೇಗ ಇಳಿಸಿದರೆ ಅದು ಕೂಡಲೇ ಮುಂದೆ ಹೋದ ಹಾಗೆ ಕಾಣುತ್ತದೆ. ಅಲ್ಲಿ ನಡೆದದ್ದು ಬಹುಪಾಲು ಅಲುಗಾಟ ನಿಂತದ್ದು, ಕಲಿತದ್ದು ಜಾಸ್ತಿಯಾದದ್ದಲ್ಲ. ದೋಣಿಯ ಉದ್ದನೆಯ ದಿಕ್ಕಿನಲ್ಲಿ ಇನ್ನೂ ಸಾಗುತ್ತಿದ್ದ ಇನ್ನೊಂದು ಓಟ ಕೊನೆಗೆ η ಇಳಿಸಿದಾಗ ಇದನ್ನು ಹಿಂದೆ ಹಾಕುವುದು ಮಾಮೂಲಿ. ಆದ್ದರಿಂದ ಎರಡು ಲರ್ನಿಂಗ್ ರೇಟುಗಳನ್ನು ನಡುದಾರಿಯಲ್ಲಿ ಹೋಲಿಸಬಾರದು. ಎರಡೂ ಪೂರ್ತಿ ಇಳಿದ ಮೇಲೆ ಹೋಲಿಸಬೇಕು.

ಅದೇ ರೀತಿ, ಜಾಸ್ತಿಯಾದ η ತಾನಾಗಿಯೇ ಕೂಗಿ ಹೇಳುತ್ತದೆ, ಕಡಿಮೆಯಾದದ್ದು ಹೇಳುವುದಿಲ್ಲ. ನುಣುಪಾಗಿ, ಒಂದು ಏರಿಳಿತವೂ ಇಲ್ಲದೆ ಇಳಿಯುವ ಲಾಸ್ ಗ್ರಾಫ್ ನೋಡಿದರೆ ನನಗೆ ಅನುಮಾನವೇ ಮೊದಲು. ಆ ಓಟ ಗಡಿಯ ಹತ್ತಿರವೂ ಹೋಗಿಲ್ಲ ಎಂದು ಅರ್ಥ ಇರಬಹುದು. ಮೂರು ಪಟ್ಟು ಏರಿಸಿ ನೋಡುವವರೆಗೆ ಗೊತ್ತಾಗುವುದಿಲ್ಲ.

ದೊಡ್ಡ ಭಾಷಾ ಮಾಡೆಲ್ಲುಗಳಲ್ಲಿ ಹಾಗೆ ಏರಿಸಿ ನೋಡುವ ಐಷಾರಾಮ ಇಲ್ಲ. ಒಂದು ಓಟಕ್ಕೇ ತಿಂಗಳುಗಳು ಬೇಕು. ಮಾಡೆಲ್ ಬೆಳೆದಂತೆ ಅದು ತಾಳಿಕೊಳ್ಳುವ η ಕೂಡ ಬದಲಾಗುತ್ತದೆ. 2020ರ ಜಿಪಿಟಿ-3 ವರದಿಯಲ್ಲಿ 12.5 ಕೋಟಿ ಸಂಖ್ಯೆಗಳ ಪುಟ್ಟ ಮಾಡೆಲ್ಲಿಗೆ 0.0006, 17,500 ಕೋಟಿಯ ದೊಡ್ಡದಕ್ಕೆ 0.00006. ಸರಿಯಾಗಿ ಹತ್ತು ಪಟ್ಟು ಕಡಿಮೆ. ಪುಟ್ಟದರಲ್ಲಿ ಚೆನ್ನಾಗಿ ಓಡಿದ ಸಂಖ್ಯೆಯನ್ನು ಹಾಗೇ ಎತ್ತಿ ದೊಡ್ಡದಕ್ಕೆ ಹಾಕುವಂತಿಲ್ಲ. 2022ರಲ್ಲಿ ಗ್ರೆಗ್ ಯಾಂಗ್, ಎಡ್ವರ್ಡ್ ಹು ಮತ್ತು ಜೊತೆಗಾರರು ಇದಕ್ಕೊಂದು ದಾರಿ ತೋರಿಸಿದರು. ಜಾಲದ ಅಗಲಕ್ಕೆ ತಕ್ಕಂತೆ ಪದರಗಳ ಆರಂಭದ ಗಾತ್ರ ಮತ್ತು ಪದರವಾರು ಹೆಜ್ಜೆಯನ್ನು ಒಂದು ಲೆಕ್ಕದ ಪ್ರಕಾರ ಹೊಂದಿಸಿದರೆ, ಅಗಲ ಎಷ್ಟೇ ಆದರೂ ಅತ್ಯುತ್ತಮ η ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. 4 ಕೋಟಿ ಸಂಖ್ಯೆಗಳ ಪುಟ್ಟ ಮಾಡೆಲ್ಲಿನಲ್ಲಿ ಹುಡುಕಿದ ಮೌಲ್ಯಗಳನ್ನು 670 ಕೋಟಿಯ ಮಾಡೆಲ್ಲಿಗೆ ಹಾಕಿದರು. ಹುಡುಕಾಟಕ್ಕೆ ತಗುಲಿದ ಖರ್ಚು ದೊಡ್ಡದರ ತರಬೇತಿ ಖರ್ಚಿನ ಶೇ. 7.

ಲ್ಯಾಪ್‌ಟಾಪಿನಲ್ಲಿ ಸಣ್ಣ ಮಾಡೆಲ್ ಓಡಿಸುವವರಿಗೆ ಇಷ್ಟೆಲ್ಲ ಬೇಡ. 0.0001, 0.0003, 0.001, 0.003 ಹೀಗೆ ಸುಮಾರು ಮೂರು ಪಟ್ಟಿನ ಮೆಟ್ಟಿಲಿನಲ್ಲಿ, ಲಾಸ್ ಸಿಡಿಯುವವರೆಗೂ ಹತ್ತಿ ನೋಡಿ. ಸಿಡಿದ ಜಾಗ ಸಿಕ್ಕರೆ ಗಡಿ ಸಿಕ್ಕಂತೆ. ಒಳ್ಳೆಯ ಮೌಲ್ಯ ಸಾಮಾನ್ಯವಾಗಿ ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ ಇರುತ್ತದೆ. ಹತ್ತಿದ್ದರಲ್ಲಿ ಅತಿ ಮೇಲಿನದೇ ಚೆನ್ನಾಗಿ ಬಂದಿದ್ದರೆ ಹುಡುಕಾಟ ಮುಗಿದಿಲ್ಲ, ಇನ್ನೂ ಹತ್ತಬೇಕು. ಒಂದು ಸಲಕ್ಕೆ ತೋರಿಸುವ ಬ್ಯಾಚಿನ ಗಾತ್ರ, ಡೇಟಾದ ಸ್ಕೇಲ್, ಪದರಗಳ ಸಂಖ್ಯೆ, ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಬಾಗು ಅಥವಾ ಅಲುಗಾಟ ಬದಲಾಗಿರುತ್ತದೆ. ಆಗ ಹಳೆಯ ಸಂಖ್ಯೆ ಬಿಟ್ಟು ಮೊದಲಿನಿಂದ ಹತ್ತಬೇಕು.